ಎರಡು ಫೋನು, ಎರಡು ಸಂಖ್ಯೆ: ಜನರೇಟರ್ ಸದ್ದನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾವಿರುವುದು ಮತ್ತಿಕೆರೆಯಲ್ಲಿ, ಎರಡನೇ ಮಹಡಿ. ಪಕ್ಕದ ಅಪಾರ್ಟ್‌ಮೆಂಟಿನ ಜನರೇಟರ್ ನಮ್ಮ ಮಲಗುವ ಕೋಣೆಯ ಕಿಟಕಿಗೆ ನೇರ ಎದುರಿಗಿದೆ. ರಾತ್ರಿ ಕರೆಂಟು ಹೋದಾಗ ಕಿಟಕಿ ಹತ್ತಿರ ಹಿಡಿದರೆ ನನ್ನ ಆಂಡ್ರಾಯ್ಡ್ ಫೋನಿನ ಆ್ಯಪ್ 68 ಡೆಸಿಬಲ್ ಅನ್ನುತ್ತದೆ, ಅದೇ ಜಾಗದಲ್ಲಿ ಮಗಳ ಐಫೋನು 59 ಅನ್ನುತ್ತದೆ. ಯಾವುದನ್ನು ನಂಬಿ ದೂರು ಕೊಡಲಿ? ಯಜಮಾನರು ಪೀಣ್ಯದಲ್ಲಿ ಪವರ್ ಪ್ರೆಸ್‌ಗಳಿರುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿನ ಸದ್ದನ್ನೂ ಫೋನಿನಲ್ಲೇ ಅಳೆಯಬಹುದೇ?

ಉತ್ತರ: ಸತ್ಯಕ್ಕೆ ಹತ್ತಿರ ಇರುವುದು ಐಫೋನಿನ 59 ಆಗಿರುವ ಸಾಧ್ಯತೆ ಹೆಚ್ಚು. ಆದರೆ ಅಷ್ಟಕ್ಕೇ ನಿಮ್ಮ ಫೋನನ್ನು ಬದಿಗಿಡಬೇಡಿ. ಎರಡು ಫೋನುಗಳ ನಡುವಿನ ಆ 9 ಡೆಸಿಬಲ್ ವ್ಯತ್ಯಾಸ ಯಾವ ಜಾತಿಯದು ಅನ್ನುವುದನ್ನು ಮೊದಲು ಪತ್ತೆ ಮಾಡಬೇಕು. ಅದು ಸದ್ದು ಜೋರಿದ್ದರೂ ಮೆಲುವಾಗಿದ್ದರೂ ಬದಲಾಗದ ವ್ಯತ್ಯಾಸವಾದರೆ ನಿಮ್ಮ ಫೋನು ಕೂಡ ಕೆಲಸಕ್ಕೆ ಬರುತ್ತದೆ. ಖಾಲಿ ತಕ್ಕಡಿಯೇ ಅರ್ಧ ಕೆಜಿ ತೋರಿಸುತ್ತಿದ್ದರೆ ಅದನ್ನು ಕಳೆದು ತೂಗಬಹುದಲ್ಲ, ಹಾಗೆ. ಸದ್ದಿನ ಜೊತೆಗೆ ವ್ಯತ್ಯಾಸವೂ ಹಿಗ್ಗುತ್ತ ಕುಗ್ಗುತ್ತ ಹೋದರೆ ಮಾತ್ರ ಆ ಫೋನನ್ನು ಈ ಕೆಲಸಕ್ಕೆ ಬಳಸಬಾರದು.

ಪತ್ತೆ ಮಾಡುವುದು ಸುಲಭ. ಒಂದು ಚಿಕ್ಕ ಸ್ಪೀಕರ್‌ನಲ್ಲಿ ಒಂದೇ ಸಮ "ಶ್ಶ್" ಅನ್ನುವಂಥ ಸದ್ದು ಹಾಕಿ. ಯೂಟ್ಯೂಬ್‌ನಲ್ಲಿ ಪಿಂಕ್ ನಾಯ್ಸ್ ಅಂತ ಹುಡುಕಿದರೆ ಸಿಗುತ್ತದೆ. ಹಾಡು ಬೇಡ, ಅದು ಏರಿಳಿಯುತ್ತದೆ. "ಕೂಂ" ಅನ್ನುವ ಒಂಟಿ ಸ್ವರವೂ ಬೇಡ. ಒಂಟಿ ಸ್ವರ ಗೋಡೆಗಳಿಗೆ ಬಡಿದು ಮರಳಿ ತನ್ನ ಮೇಲೆಯೇ ಕೂಡಿಕೊಳ್ಳುವುದರಿಂದ ಫೋನನ್ನು ಗೇಣಿನಷ್ಟು ಸರಿಸಿದರೂ ಸಂಖ್ಯೆ ಹಲವು ಡೆಸಿಬಲ್ ಬದಲಾಗಿಬಿಡುತ್ತದೆ. ಸ್ಪೀಕರ್‌ನಿಂದ ಒಂದು ಮೀಟರ್ ದೂರದಲ್ಲಿ ಎರಡೂ ಫೋನನ್ನು ಪಕ್ಕಪಕ್ಕ ಇಟ್ಟು, ಚಾರ್ಜರ್ ಚುಚ್ಚುವ ತುದಿಯನ್ನು ಸ್ಪೀಕರ್ ಕಡೆಗೆ ತಿರುಗಿಸಿ. ಮುಖ್ಯ ಮೈಕ್ ಸಾಮಾನ್ಯವಾಗಿ ಆ ತುದಿಯಲ್ಲೇ ಇರುತ್ತದೆ. ಕವರ್ ತೆಗೆದು, ಮೈಕಿನ ತೂತಿನಲ್ಲಿ ದೂಳು ಕಟ್ಟಿದೆಯೇ ನೋಡಿ. ಬ್ಲೂಟೂತ್ ಆಫ್ ಮಾಡುವುದನ್ನು ಮರೆಯಬೇಡಿ. ಇಯರ್‌ಬಡ್ ಜೋಡಣೆಯಾಗಿದ್ದರೆ ಕೆಲವು ಆ್ಯಪ್‌ಗಳು ಫೋನಿನ ಮೈಕ್ ಬಿಟ್ಟು, ಪಕ್ಕದ ಕೋಣೆಯಲ್ಲಿ ಬಿದ್ದಿರುವ ಇಯರ್‌ಬಡ್‌ನ ಮೈಕಿನಿಂದ ಅಳೆಯುತ್ತಿರುತ್ತವೆ. ತೆರೆಯ ಮೇಲೆ ಇದರ ಸುಳಿವೇ ಇರುವುದಿಲ್ಲ.

ಈಗ ಸ್ಪೀಕರ್ ವಾಲ್ಯೂಮನ್ನು ಜೋರು, ಮಧ್ಯಮ, ಮೆಲು ಹೀಗೆ ಮೂರು ಹಂತದಲ್ಲಿಟ್ಟು, ಪ್ರತಿ ಹಂತದಲ್ಲೂ ಅರ್ಧ ನಿಮಿಷದ ಸರಾಸರಿ ಬರೆದುಕೊಳ್ಳಿ. ಐಫೋನಿನಲ್ಲಿ 70, 60, 50 ಬಂದಾಗ ನಿಮ್ಮ ಫೋನಿನಲ್ಲಿ 79, 69, 59 ಬಂದರೆ ಸಂತೋಷದ ವಿಷಯ. ಎರಡೂ ಒಂದೇ ಅಳತೆಯಲ್ಲಿ ನಡೆಯುತ್ತಿವೆ, ಶುರುವಾದ ಜಾಗ ಮಾತ್ರ ಬೇರೆ. ಬಹಳಷ್ಟು ಆ್ಯಪ್‌ಗಳಲ್ಲಿ ಕ್ಯಾಲಿಬ್ರೇಶನ್ ಅಂತ ಒಂದು ಜಾಗ ಇರುತ್ತದೆ. ಅಲ್ಲಿ ಮೈನಸ್ 9 ಹಾಕಿದರೆ ಮುಗಿಯಿತು. ಅದರ ಬದಲು 74, 71, 68 ಅಂತ ಬಂದರೆ ಫೋನು ಸದ್ದನ್ನು ತಾನೇ ಏರಿಸಿ ಇಳಿಸಿ ಸಮ ಮಾಡುತ್ತಿದೆ ಎಂದು ಅರ್ಥ. ಫೋನ್ ಕರೆಯಲ್ಲಿ ಪಿಸುಮಾತೂ ಕೂಗೂ ಒಂದೇ ಹದದಲ್ಲಿ ಕೇಳಲಿ ಅಂತ ಇಟ್ಟಿರುವ ವ್ಯವಸ್ಥೆ ಅದು. ಜೊತೆಗೆ ಹಿನ್ನೆಲೆ ಸದ್ದನ್ನು ಅಳಿಸುವ ವ್ಯವಸ್ಥೆಯೂ ಇರುತ್ತದೆ. ಒಂದೇ ಸಮ ಗುಂಯ್‌ಗುಡುವ ಜನರೇಟರ್ ಅದರ ಪಾಲಿಗೆ ಅಳಿಸಬೇಕಾದ ಹಿನ್ನೆಲೆ. ಹೀಗಾಗಿ ಮೊದಲ ಎರಡು ಸೆಕೆಂಡು 65 ಇದ್ದು, ಸದ್ದು ಹಾಗೇ ಇದ್ದರೂ ಸಂಖ್ಯೆ ನಿಧಾನವಾಗಿ 55ಕ್ಕೆ ಜಾರುವುದುಂಟು. ಅಂಥದ್ದು ಕಂಡರೆ ಬೇರೆ ಆ್ಯಪ್ ಹಾಕಿ ನೋಡಿ. ಒಳ್ಳೆಯ ಆ್ಯಪ್‌ಗಳು ಈ ಸಂಸ್ಕರಣೆಗಳನ್ನು ಬಿಟ್ಟು ಮೈಕಿನ ಹಸಿ ಸದ್ದನ್ನೇ ಕೇಳಿ ಪಡೆಯುತ್ತವೆ. ಆಂಡ್ರಾಯ್ಡ್ 7ರಿಂದ ಅದಕ್ಕೆ ಅವಕಾಶವಿದೆ, ಆದರೆ ಎಲ್ಲ ಕಂಪನಿಯ ಫೋನೂ ಅದನ್ನು ಕೊಡುವುದಿಲ್ಲ.

ಐಫೋನಿನ ಕಡೆಗೆ ನಾನು ವಾಲುವುದಕ್ಕೂ ಇದೇ ಕಾರಣ. ಅದರ ಮೈಕ್ ಎಲ್ಲಕ್ಕಿಂತ ಶ್ರೇಷ್ಠ ಅಂತಲ್ಲ. ಮಾದರಿಗಳು ಕೆಲವೇ ಇರುವುದರಿಂದ ಆ್ಯಪ್ ಮಾಡುವವರು ಒಂದೊಂದನ್ನೂ ಪ್ರಯೋಗಾಲಯದಲ್ಲಿಟ್ಟು ಹೊಂದಿಸಿರಲು ಸಾಧ್ಯ. ಆಂಡ್ರಾಯ್ಡ್‌ನಲ್ಲಿ ಸಾವಿರಾರು ಮಾದರಿಗಳು, ಒಂದೊಂದರ ಮೈಕೂ ಬೇರೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಉಚಿತವಾಗಿ ಕೊಡುವ NIOSH SLM ಎಂಬ ಆ್ಯಪ್ ಐಫೋನಿಗೆ ಮಾತ್ರ ಇದೆ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಅದು ನಿಜವಾದ ಮಟ್ಟಕ್ಕಿಂತ 2 ಡೆಸಿಬಲ್ ಆಚೀಚೆಯೊಳಗೇ ಇತ್ತು. ಮಗಳ ಫೋನಿನಲ್ಲಿ ಅದನ್ನೇ ಹಾಕಿ. ಮನೆಯಲ್ಲಿ ಕೈಯಲ್ಲಿ ಹಿಡಿದು ಅಳೆಯುವಾಗ ಪ್ರಯೋಗಾಲಯದ ಅಚ್ಚುಕಟ್ಟು ಇರುವುದಿಲ್ಲ, ಆದ್ದರಿಂದ 3 ಡೆಸಿಬಲ್ ಆಚೀಚೆ ಅಂತ ಇಟ್ಟುಕೊಳ್ಳುವುದು ಒಳ್ಳೆಯದು. ಎಸ್.ಪಿ. ರೋಡಿನಲ್ಲಿ ಸಿಗುವ ಅಗ್ಗದ ಡಿಜಿಟಲ್ ಮೀಟರ್ ತಂದರೆ ಹೇಗೆ ಅಂತ ಅನೇಕರು ಕೇಳುತ್ತಾರೆ. ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಇಲ್ಲದ ಮೀಟರಿಗಿಂತ ಈ ಆ್ಯಪ್ ಇರುವ ಐಫೋನೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಇನ್ನು ಅಳೆಯುವ ಕೆಲಸ. ತೆರೆಯ ಮೇಲೆ ಕುಣಿಯುವ ದೊಡ್ಡ ಸಂಖ್ಯೆಯನ್ನು ಬಿಟ್ಟು LAeq ಅಥವಾ Leq ಅಂತ ಬರೆದಿರುವುದನ್ನು ನೋಡಿ. ಅದು ಅಳೆದಷ್ಟು ಹೊತ್ತಿನ ಶಕ್ತಿಯ ಸರಾಸರಿ, ನಮ್ಮ ಕಾನೂನು ಕೇಳುವುದೂ ಅದನ್ನೇ. ಇದು ಶಾಲೆಯಲ್ಲಿ ಕಲಿತ ಕೂಡಿಸಿ ಭಾಗಿಸುವ ಸರಾಸರಿ ಅಲ್ಲ. ಒಂಬತ್ತು ನಿಮಿಷ 50 ಇದ್ದು ಒಂದೇ ಒಂದು ನಿಮಿಷ 80 ಆದರೆ ಹತ್ತು ನಿಮಿಷದ ಸರಾಸರಿ 53 ಆಗುವುದಿಲ್ಲ, 70 ಆಗುತ್ತದೆ. ಜೋರು ಸದ್ದು ಸರಾಸರಿಯನ್ನು ತನ್ನತ್ತ ಅಷ್ಟು ಬಲವಾಗಿ ಎಳೆಯುತ್ತದೆ. ಆದ್ದರಿಂದಲೇ ಅಳೆಯುವಾಗ ಬೀದಿಯಲ್ಲಿ ಒಂದು ಬುಲೆಟ್ ಬೈಕ್ ಹೋದರೆ, ನಾಯಿ ಬೊಗಳಿದರೆ, ನೀವೇ ಕೆಮ್ಮಿದರೆ ಆ ಅಳತೆ ಕೆಟ್ಟಿತು. ಅಳಿಸಿ ಮತ್ತೆ ಶುರು ಮಾಡಿ.

ಮತ್ತೊಂದು ಸೂಕ್ಷ್ಮ ಇದೆ, ಹೆಚ್ಚಿನವರು ಎಡವುವುದು ಇಲ್ಲೇ. ಜನರೇಟರ್ ಓಡುವಾಗ ಎಷ್ಟು ಅಂತ ಮಾತ್ರ ಅಳೆದರೆ ಸಾಲದು, ನಿಂತಾಗ ಎಷ್ಟು ಅಂತಲೂ ಬೇಕು. ಕರೆಂಟು ಇಲ್ಲದಾಗ ಇಡೀ ಬೀದಿಯ ಫ್ಯಾನು, ಟಿ.ವಿ., ಎ.ಸಿ. ನಿಂತಿರುತ್ತವೆ, ಬಂದ ಕೂಡಲೇ ಎಲ್ಲವೂ ಶುರುವಾಗುತ್ತವೆ. ಹಾಗಾಗಿ ಕರೆಂಟು ಇಲ್ಲದಾಗಿನ ಜನರೇಟರ್ ಸದ್ದನ್ನು ಕರೆಂಟು ಬಂದ ಅರ್ಧ ಗಂಟೆಯ ನಂತರದ ಬೀದಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಇದಕ್ಕೆ ಒಳ್ಳೆಯ ಘಳಿಗೆ ಒಂದಿದೆ. ತಾನಾಗಿ ಚಾಲೂ ಆಗುವ ಜನರೇಟರ್‌ಗಳು ಕರೆಂಟು ಬಂದ ಕೂಡಲೇ ನಿಲ್ಲುವುದಿಲ್ಲ. ಎಂಜಿನ್ ತಣ್ಣಗಾಗಲಿ ಅಂತ ಲೋಡ್ ಇಲ್ಲದೆ ಕೆಲವು ನಿಮಿಷ ಓಡಿ ಆಮೇಲೆ ಆಫ್ ಆಗುತ್ತವೆ. ಆ ನಿಮಿಷಗಳಲ್ಲಿ ಬೀದಿಯಲ್ಲಿ ಕರೆಂಟಿದೆ, ಜನರೇಟರೂ ಓಡುತ್ತಿದೆ. ಆಗ ಎರಡು ನಿಮಿಷ ಅಳೆಯಿರಿ, ಅದು ನಿಂತ ಮರುಕ್ಷಣ ಮತ್ತೆ ಎರಡು ನಿಮಿಷ ಅಳೆಯಿರಿ. ಎರಡರ ನಡುವೆ ಬದಲಾದದ್ದು ಜನರೇಟರ್ ಒಂದೇ. ಲೋಡ್ ಇಲ್ಲದಾಗ ಸದ್ದು ಸ್ವಲ್ಪ ಕಡಿಮೆ ಇರುತ್ತದೆ, ಆದ್ದರಿಂದ ಈ ಅಳತೆ ಅಪಾರ್ಟ್‌ಮೆಂಟಿನವರಿಗೆ ಅನುಕೂಲವಾಗುವಂತೆಯೇ ಇರುತ್ತದೆ. ಉತ್ಪ್ರೇಕ್ಷೆ ಮಾಡಿದ್ದೀರಿ ಅಂತ ಅವರು ಹೇಳಲಾರರು. ಅಳೆಯುವಾಗ ನಿಮ್ಮ ಮನೆಯ ಫ್ಯಾನ್ ಆಫ್ ಇರಲಿ. ತೆರೆದ ಕಿಟಕಿಯಲ್ಲಿ ಫೋನನ್ನು ತೋಳು ಚಾಚಿ ಹಿಡಿಯಿರಿ. ಗಾಳಿ ಬೀಸುವ ಆಷಾಢದ ರಾತ್ರಿ ಅಳೆಯಬೇಡಿ, ಮೈಕಿಗೆ ಗಾಳಿ ಬಡಿದರೆ ಸದ್ದೇ ಇಲ್ಲದಿದ್ದರೂ 60 ದಾಟುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಐಫೋನಿನಲ್ಲಿ ಜನರೇಟರ್ ಓಡುವಾಗ 59, ನಿಂತಾಗ 47 ಬಂತೆನ್ನಿ. ವ್ಯತ್ಯಾಸ 12. ನಿಮ್ಮ ಫೋನಿನಲ್ಲಿ ತಿದ್ದದೆ ನೋಡಿದರೂ 68 ಮತ್ತು 56, ಅಲ್ಲೂ 12. ಫೋನಿನ ಶುರುವಿನ ಜಾಗ ತಪ್ಪಿದ್ದರೂ ವ್ಯತ್ಯಾಸ ತಪ್ಪುವುದಿಲ್ಲ. ನಿಮ್ಮ ಕೈಯಲ್ಲಿರುವ ಅತ್ಯಂತ ಗಟ್ಟಿ ಸಂಖ್ಯೆ ಇದೇ, ದೂರಿನಲ್ಲಿ ಮೊದಲು ಬರೆಯಬೇಕಾದದ್ದೂ ಇದನ್ನೇ. ವ್ಯತ್ಯಾಸ 10ಕ್ಕಿಂತ ಹೆಚ್ಚಿದ್ದರೆ ಅಳೆದ 59 ಬಹುಪಾಲು ಜನರೇಟರಿನದೇ, ಹಿನ್ನೆಲೆಯನ್ನು ಕಳೆಯುವ ಅಗತ್ಯವಿಲ್ಲ. ವ್ಯತ್ಯಾಸ 6 ಇದ್ದರೆ ಓಡುವಾಗಿನ ಸಂಖ್ಯೆಯಿಂದ ಒಂದಿಷ್ಟು, ಸುಮಾರು 1 ಡೆಸಿಬಲ್ ಕಳೆಯಬೇಕು. 3 ಇದ್ದರೆ 3 ಕಳೆಯಬೇಕು. ಅದಕ್ಕಿಂತಲೂ ಕಡಿಮೆ ಇದ್ದರೆ ಜನರೇಟರ್ ಎಷ್ಟು ಸದ್ದು ಮಾಡುತ್ತದೆ ಅಂತ ಆ ಜಾಗದಿಂದ ಹೇಳಲು ಬರುವುದಿಲ್ಲ.

ಶಬ್ದ ಮಾಲಿನ್ಯದ 2000ದ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಎಂಬ ಮಿತಿ ಇದೆ. ಮೇಲಿನ ಉದಾಹರಣೆಯಲ್ಲಿ ಜನರೇಟರ್ ನಿಂತಾಗಲೇ 47 ಇದೆ ಎಂಬುದನ್ನು ಗಮನಿಸಿ. ಬೆಂಗಳೂರಿನ ದೊಡ್ಡ ರಸ್ತೆಗಳ ಹತ್ತಿರ ಇದು ಸಾಮಾನ್ಯ. "45 ದಾಟಿದೆ" ಎಂದಷ್ಟೇ ಬರೆದರೆ "ರಸ್ತೆಯೇ ದಾಟಿದೆಯಲ್ಲ" ಎಂಬ ಉತ್ತರ ಬರುತ್ತದೆ. ಆ ಮಿತಿ ಇಡೀ ಅವಧಿಯ ಸರಾಸರಿಗೆ ಹೇಳಿದ್ದು ಕೂಡ. ರಾತ್ರಿಯ ಎಂಟು ಗಂಟೆಯಲ್ಲಿ ಎರಡು ಗಂಟೆ 59, ಉಳಿದ ಆರು ಗಂಟೆ 47 ಇದ್ದರೆ ಸರಾಸರಿ ಸುಮಾರು 54 ಆಗುತ್ತದೆ. ಮಿತಿಗಿಂತ 9 ಹೆಚ್ಚು. ಫೋನು 3 ಡೆಸಿಬಲ್ ತಪ್ಪಿದ್ದರೂ ತೀರ್ಮಾನ ಬದಲಾಗುವುದಿಲ್ಲ. ಅದೇ ನಿಮ್ಮ ಲೆಕ್ಕದಲ್ಲಿ 46 ಅಥವಾ 47 ಬಂದಿದ್ದರೆ ಫೋನಿನ ಬಲದ ಮೇಲೆ ಮಿತಿ ದಾಟಿದೆ ಎನ್ನಲು ನಾನು ಒಪ್ಪುತ್ತಿರಲಿಲ್ಲ.

ಜನರೇಟರಿಗೇ ಪ್ರತ್ಯೇಕ ಮಾನದಂಡವೂ ಇದೆ. 2005ರಿಂದ ಈಚೆಗೆ ತಯಾರಾದ, 1000 ಕೆವಿಎವರೆಗಿನ ಡೀಸೆಲ್ ಜನರೇಟರ್ ತನ್ನ ಕ್ಯಾನೊಪಿಯಿಂದ, ಅಂದರೆ ಸದ್ದು ತಡೆಯಲು ಸುತ್ತ ಹಾಕಿರುವ ಪೆಟ್ಟಿಗೆಯಿಂದ, ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಇದು ಸುತ್ತ ಬಯಲಿರುವಾಗಿನ ಲೆಕ್ಕ. ಕಾಂಪೌಂಡ್ ಗೋಡೆಗೂ ಕಟ್ಟಡಕ್ಕೂ ನಡುವಿನ ಕಿರಿದಾದ ಜಾಗದಲ್ಲಿ ಸದ್ದು ಗೋಡೆಗೆ ಬಡಿದು ಮರಳುವುದರಿಂದ ಒಂದೆರಡು ಡೆಸಿಬಲ್ ಹೆಚ್ಚು ಬಂದರೆ ಆಶ್ಚರ್ಯವಿಲ್ಲ. ಅಲ್ಲಿಗೆ ಹೋಗಲು ಸೆಕ್ಯುರಿಟಿಯವರು ಒಪ್ಪಿದರೆ ಸಂಖ್ಯೆಗಿಂತ ಮೊದಲು ಕ್ಯಾನೊಪಿಯ ಬಾಗಿಲನ್ನು ನೋಡಿ. ಎಂಜಿನ್ ಬಿಸಿಯಾಗುತ್ತದೆ ಅಂತ ಅದನ್ನು ತೆರೆದಿಟ್ಟು ಓಡಿಸುವುದು ಬಹಳ ಕಡೆ ರೂಢಿಯಾಗಿದೆ. ಬಾಗಿಲು ತೆರೆದು ಒಮ್ಮೆ, ಮುಚ್ಚಿ ಒಮ್ಮೆ ನಿಮ್ಮ ಕಿಟಕಿಯಿಂದಲೇ ಅಳೆಯಲು ಅವಕಾಶ ಕೇಳಿ. ಸದ್ದು ಗಣನೀಯವಾಗಿ ಇಳಿದರೆ ದೂರಿಲ್ಲದೆಯೇ ಅರ್ಧ ಸಮಸ್ಯೆ ಬಗೆಹರಿಯಿತು. ಅಸೋಸಿಯೇಶನ್‌ನವರ ಜೊತೆ ಕೂತು ಮಾತಾಡುವಾಗ ಈ ಎರಡು ಸಂಖ್ಯೆಗಳಷ್ಟು ಕೆಲಸಕ್ಕೆ ಬರುವುದು ಬೇರೆ ಇಲ್ಲ.

ಕಿಟಕಿ ಮುಚ್ಚಿದರೂ ಎದೆಯಲ್ಲಿ ಗುಂಯ್ ಅನ್ನುತ್ತದೆ, ಫೋನಿನಲ್ಲಿ ಮಾತ್ರ 40 ಇದೆ ಎಂಬ ಅನುಭವ ನಿಮಗೂ ಆಗಬಹುದು. ನಿಮಿಷಕ್ಕೆ 1500 ಸುತ್ತು ತಿರುಗುವ ನಾಲ್ಕು ಸಿಲಿಂಡರ್ ಎಂಜಿನ್ ಸೆಕೆಂಡಿಗೆ 50 ಸಲ ಉರಿಯುತ್ತದೆ. ಅಂದರೆ ಸದ್ದಿನ ಮೂಲ 50 ಹರ್ಟ್ಸ್. ಎ ಮಾಪನ ಎನ್ನುವ ಸಾಮಾನ್ಯ ಲೆಕ್ಕ ಆ ಆಳದ ಸ್ವರದಿಂದ 30 ಡೆಸಿಬಲ್ ಕಳೆದುಬಿಡುತ್ತದೆ, ಗೋಡೆ ಮತ್ತು ಗಾಜು ತಡೆಯುವುದೂ ಆ ಸ್ವರವನ್ನೇ ಅತ್ಯಂತ ಕಡಿಮೆ. ಆ್ಯಪ್‌ನಲ್ಲಿ, ಆಳದ ಸ್ವರವನ್ನು ಅಷ್ಟಾಗಿ ಕಳೆಯದ ಸಿ ಮಾಪನಕ್ಕೆ ಬದಲಿಸಿ ಮತ್ತೊಮ್ಮೆ ಅಳೆಯಿರಿ. ಎರಡರ ನಡುವೆ 15–20 ಡೆಸಿಬಲ್ ಅಂತರ ಕಂಡರೆ ನಿಮ್ಮನ್ನು ಕಾಡುತ್ತಿರುವುದು ಈ ಆಳದ ಸದ್ದೇ. ಅಂತರ ಕಾಣದಿದ್ದರೆ ಅದಿಲ್ಲ ಎಂದು ಹೇಳಲು ಬರುವುದಿಲ್ಲ, ಏಕೆಂದರೆ ಅನೇಕ ಫೋನುಗಳು ಆಳದ ಸ್ವರಗಳನ್ನು ಮೈಕಿನ ಹಂತದಲ್ಲೇ ಕತ್ತರಿಸುತ್ತವೆ. ಕೋಣೆಯೊಳಗೆ ಅಳೆಯುವ ಮೊದಲು ಇನ್ನೊಂದನ್ನು ನೋಡಿಕೊಳ್ಳಿ. ನಡುರಾತ್ರಿ ಫೋನನ್ನು ದಪ್ಪ ಕಂಬಳಿಯಲ್ಲಿ ಸುತ್ತಿ ಬೀರುವಿನೊಳಗಿಟ್ಟು ಎಷ್ಟು ಕಡಿಮೆಗೆ ಇಳಿಯುತ್ತದೆ ಅಂತ ಗಮನಿಸಿ. 35ರಲ್ಲೇ ನಿಂತರೆ ಅದು ಮೈಕಿನ ಸ್ವಂತ ಸದ್ದು. ಆ ಫೋನಿನಲ್ಲಿ 40ಕ್ಕಿಂತ ಕಡಿಮೆ ಬಂದ ಯಾವ ಸಂಖ್ಯೆಯನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ಫೋನಿನ ಅಳತೆ ಅಧಿಕೃತ ಮಾಪನವಾಗುವುದಿಲ್ಲ. ಅಧಿಕಾರಿಗಳು ಕ್ಯಾಲಿಬ್ರೇಟ್ ಮಾಡಿದ ಮೀಟರ್ ತಂದು ತಾವೇ ಅಳೆಯಬೇಕು. ಅವರನ್ನು ಕರೆಸಲು ಬೇಕಾದ ಆಧಾರ ನಿಮ್ಮದು. ದಿನಾಂಕ, ಶುರುವಾದ ಮತ್ತು ನಿಂತ ಹೊತ್ತು, ಅಳೆದ ಜಾಗ, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ಓಡುವಾಗ ಎಷ್ಟು, ನಿಂತಾಗ ಎಷ್ಟು, ಫೋನಿನ ಮಾದರಿ ಮತ್ತು ಆ್ಯಪ್ ಯಾವುದು, ಇಷ್ಟನ್ನು ಕೆಲವು ರಾತ್ರಿ ಬರೆದಿಡಿ. ಲಿಖಿತ ದೂರನ್ನು ಪೊಲೀಸ್ ಠಾಣೆಗೆ ಕೊಟ್ಟು, ಪ್ರತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಿ. ಚರ್ಚ್ ಸ್ಟ್ರೀಟಿನ ಪರಿಸರ ಭವನ ಅದರ ಕೇಂದ್ರ ಕಚೇರಿ.

ಯಜಮಾನರ ವಿಷಯ ಇದಕ್ಕಿಂತ ಗಂಭೀರ. ಜನರೇಟರ್ ನಿದ್ದೆ ಕೆಡಿಸುತ್ತದೆ, ಪವರ್ ಪ್ರೆಸ್ ಕಿವಿಯನ್ನೇ ತೆಗೆಯುತ್ತದೆ. ಅಲ್ಲಿ ಫೋನಿನ ತೊಂದರೆ ಇನ್ನೊಂದು ತುದಿಯದು. ಮಾತಿಗಾಗಿ ಮಾಡಿದ ಮೈಕಿಗೆ ಒಂದು ಮೇಲ್ಮಿತಿ ಇರುತ್ತದೆ, ಪ್ರೆಸ್ ತಗಡನ್ನು ಕತ್ತರಿಸುವ ಆ ಕ್ಷಣಾರ್ಧದ ಹೊಡೆತ ಅದನ್ನು ದಾಟಿ ಹೋಗುತ್ತದೆ. ಆಗ ಫೋನು ತಪ್ಪು ಎಂದು ಹೇಳುವುದಿಲ್ಲ, ತನಗೆ ಸಾಧ್ಯವಾದ ದೊಡ್ಡ ಸಂಖ್ಯೆಯನ್ನು ತೋರಿಸಿ ಸುಮ್ಮನಿರುತ್ತದೆ. ಪತ್ತೆ ಮಾಡಲು ಪ್ರೆಸ್‌ನಿಂದ ಮೂರು ಮೀಟರ್ ದೂರದಲ್ಲಿ ಒಮ್ಮೆ, ಒಂದು ಮೀಟರ್‌ನಲ್ಲಿ ಒಮ್ಮೆ ಗರಿಷ್ಠ ಮಟ್ಟ ನೋಡಲಿ. ಹತ್ತಿರ ಹೋದರೂ ಸಂಖ್ಯೆ ಏರದಿದ್ದರೆ ಮೈಕ್ ತನ್ನ ಮಿತಿ ಮುಟ್ಟಿದೆ, ನಿಜವಾದ ಸದ್ದು ಅದಕ್ಕಿಂತ ಹೆಚ್ಚು. ಅಂದರೆ ಪ್ರೆಸ್ ಶಾಪಿನಲ್ಲಿ ಫೋನು 94 ತೋರಿಸಿದರೆ "ಕನಿಷ್ಠ 94" ಅಂತ ಓದಬೇಕು. ಫೋನನ್ನು ಅಂಗಿಯ ಜೇಬಿನಲ್ಲಿಟ್ಟು ಅಳೆಯುವುದು ಬೇಡ. ಬಟ್ಟೆ ಸದ್ದನ್ನು ತಡೆಯುತ್ತದೆ, ಉಜ್ಜಿದರೆ ಇಲ್ಲದ ಸದ್ದನ್ನು ಸೇರಿಸುತ್ತದೆ. ಕೆಲಸ ಮಾಡುವ ಜಾಗದಲ್ಲಿ, ಭುಜದ ಎತ್ತರದಲ್ಲಿ, ಮಷಿನ್‌ನಿಂದ ಕೈ ದೂರವಿಟ್ಟು ಬೇರೆಯವರು ಹಿಡಿದರೆ ಒಳ್ಳೆಯದು.

ಆ್ಯಪ್‌ನಲ್ಲಿ ಡೋಸ್ ಅಂತ ಶೇಕಡಾ ಲೆಕ್ಕ ಕಾಣುತ್ತದೆ. ಒಂದು ದಿನಕ್ಕೆ ಒಪ್ಪಬಹುದಾದ ಸದ್ದಿನಲ್ಲಿ ಎಷ್ಟು ಪಾಲು ಕಿವಿಗೆ ಬಿದ್ದಿದೆ ಎಂಬುದು ಅದು. ಆ ಲೆಕ್ಕ ಯಾವ ನಿಯಮದ ಮೇಲೆ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ನೋಡದೆ ಯಾರಿಗೂ ಹೇಳಬೇಡಿ. ನಮ್ಮ ಕಾರ್ಖಾನೆ ಕಾಯ್ದೆಯ ಮಾದರಿ ನಿಯಮಗಳು ಎಂಟು ಗಂಟೆಗೆ 90 ಡೆಸಿಬಲ್ ಒಪ್ಪುತ್ತವೆ, 5 ಡೆಸಿಬಲ್ ಏರಿದಂತೆ ಹೊತ್ತು ಅರ್ಧವಾಗುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬಲ್ ಇರುವಲ್ಲಿ ಎರಡು ಗಂಟೆ ನಿಲ್ಲಬಹುದು. ಆ್ಯಪ್ ಕೊಟ್ಟ NIOSH ಸಂಸ್ಥೆಯ ಶಿಫಾರಸು ಎಂಟು ಗಂಟೆಗೆ 85, ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧ. ಅದರ ಪ್ರಕಾರ 100ರಲ್ಲಿ ಹದಿನೈದೇ ನಿಮಿಷ. ಅದೇ ಜಾಗದಲ್ಲಿ ಎರಡು ಗಂಟೆ ನಿಂತವರಿಗೆ ಒಂದು ಲೆಕ್ಕ ಶೇ. 100 ಅಂದರೆ ಇನ್ನೊಂದು ಶೇ. 800 ಅನ್ನುತ್ತದೆ. ಕಾರ್ಖಾನೆಯವರ ಜೊತೆ ಮಾತಾಡುವಾಗ ಮೊದಲನೆಯದು ಕಾನೂನಿನ ಮಾತು, ಕಿವಿಯ ಹಿತಕ್ಕೆ ಎರಡನೆಯದು. ನಾನಾದರೆ ಎರಡನೆಯದನ್ನೇ ಪಾಲಿಸುತ್ತೇನೆ.

ಫೋನು ಏನೇ ಹೇಳಲಿ, ತೋಳಳತೆ ದೂರದಲ್ಲಿರುವವರಿಗೆ ಕೂಗಿ ಹೇಳಬೇಕಾದ ಪರಿಸ್ಥಿತಿ ಇದ್ದರೆ ಅಲ್ಲಿ 85 ದಾಟಿದೆ ಅಂತಲೇ ತಿಳಿಯಿರಿ, ಇಯರ್ ಪ್ಲಗ್ ಇಲ್ಲದೆ ನಿಲ್ಲಬಾರದು. ಜೊತೆಗೆ ಒಮ್ಮೆ ಕಿವಿ ಪರೀಕ್ಷೆ ಮಾಡಿಸಲಿ. ಶಿಫ್ಟ್ ಮುಗಿಸಿ ನೇರ ಹೋಗುವುದು ಬೇಡ. ದಿನವಿಡೀ ಸದ್ದಿನಲ್ಲಿದ್ದ ಕಿವಿ ತಾತ್ಕಾಲಿಕವಾಗಿ ಮಂದವಾಗಿರುತ್ತದೆ, ಇದ್ದದ್ದಕ್ಕಿಂತ ಕೆಟ್ಟ ಫಲಿತಾಂಶ ಬರುತ್ತದೆ. ವಾರದ ರಜೆ ಮುಗಿದ ಬೆಳಿಗ್ಗೆ, ಕೆಲಸಕ್ಕೆ ಹೋಗುವ ಮೊದಲು ಮಾಡಿಸಲಿ. ವರದಿಯಲ್ಲಿ 4000 ಹರ್ಟ್ಸ್ ಹತ್ತಿರ ಗೆರೆ ಗುಂಡಿಯಂತೆ ಕುಸಿದು, 8000ದ ಬಳಿ ಮತ್ತೆ ಮೇಲೆದ್ದಿದ್ದರೆ ಅದು ಕಾರ್ಖಾನೆ ಸದ್ದಿನ ಗುರುತು. ಆ ವರದಿಯನ್ನು ಕಾರ್ಖಾನೆಯ ಸುರಕ್ಷತಾ ಅಧಿಕಾರಿಗೆ ತೋರಿಸಿ, ಪ್ರೆಸ್ ಶಾಪನ್ನು ಸರಿಯಾದ ಮೀಟರ್‌ನಿಂದ ಅಳೆಸಿ ಎಂದು ಬರವಣಿಗೆಯಲ್ಲಿ ಕೇಳಲಿ.